33 ಸಾಲು ಇದ್ದಲ್ಲಿ 15 ತೋರ್ಸಿದ ಮ್ಯಾಪ್: ಝೂಮ್, ಪಿಕ್ಸೆಲ್, ಮೀಟರ್ ಲೆಕ್ಕ ಎಲ್ಲಿ ತಪ್ಪತೈತಿ ಅಂತ ಹುಡುಕೋದು

ವಿಜಯಪುರದ ಹತ್ರ ನಮ್ಮ ಕಾಕಾಂದು ಮೂರು ಎಕರೆ ದ್ರಾಕ್ಷಿ ತ್ವಾಟ ಐತಿ. ಬೋರ್ ನೀರಿನ ಉಪ್ಪು ಕಟ್ಟಿ ಹಳೇ ಡ್ರಿಪ್ ಪೈಪ್ ಎಲ್ಲಾ ಬಂದ್ ಆಗಿದ್ವು, ಹೊಸಾವು ಹಾಕ್ಬೇಕಿತ್ತು. ಎಷ್ಟು ಪೈಪ್ ಬೇಕು ಅಂತ ಲೆಕ್ಕ ಹಾಕಾಕ ಬೆಳಗಾವಿಯಾಗಿರೋ ನಮ್ಮ ದೋಸ್ತ ಒಂದು ಸಣ್ಣ ಮ್ಯಾಪ್ ಪೇಜ್ ಮಾಡಿದ್ದ. ಲೀಫ್ಲೆಟ್ ಅನ್ನೋ ಮ್ಯಾಪ್ ಲೈಬ್ರರಿ ಮ್ಯಾಲ ಸ್ಯಾಟಲೈಟ್ ಚಿತ್ರ, ಎರಡು ಕಡೆ ಕ್ಲಿಕ್ ಮಾಡಿದ್ರ ನಡುವ ಎಷ್ಟು ಪಿಕ್ಸೆಲ್ ಅಂತ ಎಣಿಸಿ ಮೀಟರ್ ಹೇಳ್ತೈತಿ, ಅಷ್ಟ. ಅವ ಮನ್ಯಾಗ ಕುಂತು ಕಾಕಾನ ತ್ವಾಟ ಅಳದು, ಉದ್ದ 54 ಮೀಟರ್, ಅಗಲ 46 ಮೀಟರ್, ಸಾಲಿಂದ ಸಾಲಿಗೆ 3 ಮೀಟರ್ ಹಿಡಿದ್ರ 15 ಸಾಲು ಅಂತ ಹೇಳಿ ಕಳಿಸಿದ. ಕಾಕಾ ಅದನ್ನ ನೋಡಿ, "ತಮ್ಮಾ, 33 ಸಾಲು ಅದಾವ, ನಾನ ನಿಂತು ಹಚ್ಚಿಸೀನಿ, ಉಳಿದ 18 ಸಾಲು ನಿಮ್ಮ ದೋಸ್ತನ ಮನಿಗೆ ಹೋದ್ವೇನ" ಅಂದ್ರು.

ದೋಸ್ತ ಮಾತ್ರ ಒಪ್ಪಲಿಲ್ಲ, ಯಾಕಂದ್ರ ಇದ ಕೋಡ್ ಬೆಳಗಾವಿಯಾಗ ಟೆಸ್ಟ್ ಮಾಡಿದ್ದ. ಅವನ ಮನಿ ಹತ್ರದ ಒಂದು ಕಂಪೌಂಡ್ ಗ್ವಾಡಿ ಟೇಪ್ ಹಿಡಿದು ಅಳದಾಗ 60 ಮೀಟರ್, ಮ್ಯಾಪ್‌ನ್ಯಾಗ 61.8. "ಟೇಪ್ ಜೋತು ಬಿದ್ದಿರಬೇಕು, ಇಲ್ಲಾಂದ್ರ ನಾ ಕ್ಲಿಕ್ ಮಾಡಿದ್ದು ಒಂಚೂರು ಆಕಡೆ ಈಕಡೆ ಆಗಿರಬೇಕು" ಅಂತ ಬಿಟ್ಟುಬಿಟ್ಟಿದ್ದ. ಬೆಳಗಾವಿಯಾಗ ಸರಿ ಇದ್ದದ್ದು ವಿಜಯಪುರದಾಗ ಅರ್ಧಕ್ಕಿಂತ ಕಮ್ಮಿ ಹ್ಯಾಂಗ ಆಗ್ತೈತಿ ಅನ್ನೋದ ಇಡೀ ಪ್ರಾಬ್ಲಮ್ಮು. ಇದನ್ನ ಹುಡುಕಿದ ದಾರಿ ಬರೀತೀನಿ, ನಡುವ ಇಂಥಾವ ಇನ್ನೊಂದೆರಡು ತಪ್ಪು ಹ್ಯಾಂಗ ಕಾಣತಾವ ಅನ್ನೋದೂ ಬರತೈತಿ.

ಮೊದ್ಲ ಲೆಕ್ಕ ಹೆಂಗ ಇರಬೇಕು

ವೆಬ್ ಮ್ಯಾಪ್ ಅಂದ್ರ ಇಡೀ ಭೂಮಿನ ಒಂದು ಚೌಕದಾಗ ಕೂರ್ಸಿರ್ತಾರ. ಝೂಮ್ 0 ದಾಗ ಆ ಚೌಕ 256 ಪಿಕ್ಸೆಲ್ ಅಗಲದ ಒಂದ ಟೈಲ್. ಸಮಭಾಜಕದ ಮ್ಯಾಲ ಭೂಮಿ ಸುತ್ತಳತಿ 4,00,75,017 ಮೀಟರ್ (ತ್ರಿಜ್ಯ 6378137 ಮೀಟರ್ ಹಿಡಿದು), ಅದನ್ನ 256 ರಿಂದ ಭಾಗಿಸಿದ್ರ ಒಂದು ಪಿಕ್ಸೆಲ್‌ಗೆ 156543.03 ಮೀಟರ್. ಕೋಡ್‌ನ್ಯಾಗ ಎಲ್ಲೆಲ್ಲೂ ಕಾಣೋ ಆ ವಿಚಿತ್ರ ನಂಬರ್ ಇದ, ಮತ್ತೇನೂ ಇಲ್ಲ. ಒಂದೊಂದು ಝೂಮ್ ಏರಿಸಿದಾಗ ಚಿತ್ರದ ಅಗಲ ಡಬಲ್ ಆಗ್ತೈತಿ, ಒಂದು ಪಿಕ್ಸೆಲ್‌ನ್ಯಾಗಿನ ಮೀಟರ್ ಅರ್ಧ ಆಗ್ತಾವ, ಅದಕ್ಕ 2 ರ ಘಾತದಿಂದ ಭಾಗಿಸೋದು. ಝೂಮ್ 18 ಕ್ಕ 2,62,144 ರಿಂದ ಭಾಗಿಸಿದ್ರ 0.5972 ಮೀಟರ್.

ಆದ್ರ ಇದು ಸಮಭಾಜಕದ ಲೆಕ್ಕ. ನಾವಿರೋದು ಅಲ್ಲಿಲ್ಲ. ವಿಜಯಪುರ 16.83 ಡಿಗ್ರಿ ಉತ್ತರಕ್ಕ ಐತಿ, ಆ ಅಕ್ಷಾಂಶದಾಗ ಭೂಮಿ ಸುತ್ತ ಒಂದು ಹಗ್ಗ ಸುತ್ತಿದ್ರ ಅದು 40,075 ಕಿಲೋಮೀಟರ್ ಆಗಂಗಿಲ್ಲ, ಸುಮಾರು 38,358 ಕಿಲೋಮೀಟರ್ ಆಗ್ತೈತಿ. ಮ್ಯಾಪ್ ಮಾತ್ರ ಈ ಸಣ್ಣ ಹಗ್ಗನೂ ಅಷ್ಟ ಅಗಲಕ್ಕ ಎಳದು ತೋರಿಸ್ತೈತಿ. ಅಂದ್ರ ಅದ ಪಿಕ್ಸೆಲ್‌ನ್ಯಾಗ ಕಡಿಮಿ ಮೀಟರ್ ಕೂಡತಾವ. ಎಷ್ಟು ಕಡಿಮಿ ಅಂದ್ರ ಅಕ್ಷಾಂಶದ ಕೊಸೈನ್‌ನಷ್ಟು. 16.83 ಡಿಗ್ರಿಯ ಕೊಸೈನ್ 0.9572. ಪೂರ್ವ ಪಶ್ಚಿಮ ಎಳದಷ್ಟ ಉತ್ತರ ದಕ್ಷಿಣನೂ ಎಳೀತಾರ, ಹಂಗಾಗಿ ಹೊಲದ ಆಕಾರ ಓರೆ ಆಗಂಗಿಲ್ಲ, ಎರಡೂ ದಿಕ್ಕಿಗೆ ಒಂದ ಲೆಕ್ಕ ನಡೀತೈತಿ. ಕೆಳಗ mpp ಅಂದ್ರ ಮೀಟರ್ ಪ್ರತಿ ಪಿಕ್ಸೆಲ್.

```
mpp = 156543.03392 * cos(lat) / 2^zoom
```

ವಿಜಯಪುರ, ಝೂಮ್ 18: 0.5972 ಗುಣಿಸು 0.9572, ಉತ್ತರ 0.5716 ಮೀಟರ್. ಒಂದು ಪಿಕ್ಸೆಲ್ ಅಂದ್ರ ಸುಮಾರು 57 ಸೆಂಟಿಮೀಟರ್, ಒಂದು ದೊಡ್ಡ ಹೆಜ್ಜಿಗಿಂತ ಸ್ವಲ್ಪ ಕಡಿಮಿ. ಈ ನಂಬರ್ ನೆನಪಿಟ್ಟುಕೋರಿ, ಕೆಳಗ ಪೂರಾ ಇದ ಬರತೈತಿ. ಝೂಮ್ 17 ಕ್ಕ ಇದರ ಡಬಲ್ 1.143, ಝೂಮ್ 19 ಕ್ಕ ಅರ್ಧ 0.286.

ಕೋಡ್ ತಗ್ಯೂಕಿಂತ ಮೊದ್ಲ ಭಾಗಾಕಾರ ಮಾಡ್ರಿ

ಈ ಥರ ತಪ್ಪು ಬಂದಾಗ ಎಲ್ಲರೂ ಮೊದ್ಲ ಕೋಡ್ ತಗದು ಸಾಲು ಸಾಲು ಓದಾಕ ಶುರು ಮಾಡ್ತಾರ, ನನ್ನ ಕೇಳಿದ್ರ ಅದು ಆಮ್ಯಾಗ. ಮೊದ್ಲ ಒಂದು ಖರೇ ಅಳತಿ ಬೇಕು, ಮ್ಯಾಪ್ ಹೇಳಿದ್ದನ್ನ ಅದರಿಂದ ಭಾಗಿಸಬೇಕು. ಯಾಕಂದ್ರ ಈ ಲೆಕ್ಕದಾಗ ಬರೋ ಒಂದೊಂದು ತಪ್ಪಿಗೂ ತನ್ನದ ಒಂದು ಅನುಪಾತ ಐತಿ, ಅದನ್ನ ನೋಡಿದ್ರ ಕಳ್ಳ ಯಾರು ಅಂತ ಅರ್ಧ ಗೊತ್ತಾಗಿಬಿಡ್ತೈತಿ.

ಖರೇ ಅಳತಿಗೆ ವಿಜಯಪುರದಾಗ ಯಾರಿಗಾದ್ರೂ ಮೊದ್ಲ ನೆನಪಾಗೋದು ಗೋಳಗುಮ್ಮಟ, ಅದರ ಅಳತಿ ಎಲ್ಲಾ ಕಡೆ ಸಿಗ್ತೈತಿ, ಚೌಕದ ಒಂದು ಬದಿ ಸುಮಾರು 47.5 ಮೀಟರ್. ನಾನೂ ಅದನ್ನ ಹಿಡಕೊಂಡು ಕುಂತಿದ್ನಿ. ಆದ್ರ ಅದು ಚಲೋ ಅಳತಿಗೋಲು ಅಲ್ಲ. ಮೂಲಿ ಮಿನಾರ್ ಹೊರಗ ಚಾಚಿರ್ತಾವ, ಅದಕ್ಕಿಂತ ದೊಡ್ಡ ಪಜೀತಿ ಅಂದ್ರ ಎತ್ತರದ ಕಟ್ಟಡ ಸ್ಯಾಟಲೈಟ್ ಚಿತ್ರದಾಗ ಒಂದು ಕಡೆ ವಾಲಿದಂಗ ಕಾಣತೈತಿ, ಬುಡ ಎಲ್ಲಿ ತಲಿ ಎಲ್ಲಿ ಗೊತ್ತಾಗಂಗಿಲ್ಲ. ನೆಲಕ್ಕ ಅಂಟಿಕೊಂಡಿರೋದು ಬೇಕು: ಒಡ್ಡು, ರಸ್ತೆ ತಿರುವು, ಬಾವಿ ಕಟ್ಟಿ, ಕೃಷಿ ಹೊಂಡದ ಅಂಚು. ನಾವು ಕಾಕಾನ ತ್ವಾಟದ ದಕ್ಷಿಣದ ಒಡ್ಡಿಗೆ 30 ಮೀಟರ್ ಟೇಪ್ ನಾಕು ಸಲ ಹಾಕಿದ್ವಿ, ಸರಿಯಾಗಿ 120 ಮೀಟರ್ ಬಂತು. ಪೂರ್ವ ಪಶ್ಚಿಮ ಇರೋ ಒಡ್ಡು, ಅದೂ ಅನುಕೂಲ ಆತು, ಯಾಕ ಅಂತ ಕಡೀಕ ಹೇಳ್ತೀನಿ.

ಇನ್ನೊಂದು, ಅಳೆಯೋ ಗೆರಿ ಉದ್ದ ಇರಬೇಕು. ಮೂಲಿ ಮ್ಯಾಲ ಕ್ಲಿಕ್ ಮಾಡುವಾಗ ಎರಡು ಪಿಕ್ಸೆಲ್ ಆಕಡೆ ಈಕಡೆ ಆಗೋದು ಮಾಮೂಲು, ಝೂಮ್ 18 ದಾಗ ಅದು 1.1 ಮೀಟರ್, 120 ಮೀಟರ್ ಗೆರಿಯಾಗ ಅದು ಒಂದು ಪರ್ಸೆಂಟ್ ಒಳಗ. ಅದ ಎರಡು ಪಿಕ್ಸೆಲ್ ಝೂಮ್ 15 ದಾಗ 9 ಮೀಟರ್ ಆಗ್ತೈತಿ. ಝೂಮ್ 15 ದಾಗ ಹೊಲ ಅಳದು ಮೂರು ಪರ್ಸೆಂಟ್ ತಪ್ಪೈತಿ ಅಂತ ಕೋಡ್‌ಗೆ ಬೈಯೋದು ನ್ಯಾಯ ಅಲ್ಲ.

ಮ್ಯಾಪ್ ಹೇಳಿದ್ದು 54.4. ಟೇಪ್ ಹೇಳಿದ್ದು 120. ಭಾಗಿಸಿದ್ರ 0.453.

0.453 ಅಂದ್ರ ಯಾರು?

ನನ್ನ ತಲಿಗೆ ಮೊದ್ಲ ಬಂದದ್ದು ಟೈಲ್ ಸೈಜ್, ಯಾಕಂದ್ರ ಅದು ಭಾಳ ಮಂದಿಗೆ ಹೊಡಿಯೋ ತಪ್ಪು, ಅರ್ಧ ಇಲ್ಲಾ ಡಬಲ್ ಬರತೈತಿ. ಆದ್ರ ಅದು ಬಂದ್ರ ಖಡಾಖಡಿ 0.5 ಬರಬೇಕು, 0.453 ಅಲ್ಲ. 60 ಮೀಟರ್ ಇರಬೇಕಾದಲ್ಲಿ 54.4, ಅಂದ್ರ ಹತ್ತಿರ ಹತ್ತಿರ ಒಂಬತ್ತು ಪರ್ಸೆಂಟ್ ಫರಕು, ಕ್ಲಿಕ್ ತಪ್ಪಿಂದ ಇಷ್ಟು ಬರಂಗಿಲ್ಲ. ಎರಡನೇದು ಕೊಸೈನ್ ಮರತದ್ದು: ಹಂಗಾದ್ರ ಅಳತಿ ಹೆಚ್ಚಿಗಿ ಬರಬೇಕು, ನಮ್ಮ ಅಕ್ಷಾಂಶದಾಗ 1.045 ಪಟ್ಟು, 120 ಕ್ಕ 125.4. ಇಲ್ಲಿ ಕಮ್ಮಿ ಆಗೈತಿ, ಹಂಗಾಗಿ ಅದೂ ಅಲ್ಲ. ಕೊಸೈನ್ ಎರಡು ಸಲ ಗುಣಿಸಿದ್ರೂ ಬರೀ ನಾಕು ಪರ್ಸೆಂಟ್ ಚಿಲ್ರೆ ಕಡಿಮಿ ಆಗ್ತೈತಿ, ಅರ್ಧ ಆಗಂಗಿಲ್ಲ.

ಆಮ್ಯಾಗ ಮಾಡಿದ ಟೆಸ್ಟ ಕೆಲಸಕ್ಕ ಬಂತು, ಇದನ್ನ ಯಾರಾದ್ರೂ ಐದು ನಿಮಿಷದಾಗ ಮಾಡಬಹುದು. ಝೂಮ್ ಮುಟ್ಟದ ಮ್ಯಾಪ್‌ನ ಬೆಳಗಾವಿಯಿಂದ ಬಾಗಲಕೋಟೆಗೆ, ಅಲ್ಲಿಂದ ವಿಜಯಪುರಕ್ಕ ಎಳೀರಿ, ಒಂದೊಂದು ಊರಿಗೆ ನಿಂತು ಮೀಟರ್ ಪ್ರತಿ ಪಿಕ್ಸೆಲ್ ಎಷ್ಟು ಬರತೈತಿ ಅಂತ ಕನ್ಸೋಲ್‌ನ್ಯಾಗ ನೋಡ್ರಿ. ಬೆಳಗಾವಿ 15.85 ಡಿಗ್ರಿ, ಕೊಸೈನ್ 0.9620. ವಿಜಯಪುರ 0.9572. ಅಂದ್ರ ಈ ಮೂರೂ ಜಿಲ್ಲಾ ದಾಟಿದ್ರೂ ಪಿಕ್ಸೆಲ್ ಅಳತಿ ಅರ್ಧ ಪರ್ಸೆಂಟ್ ಅಷ್ಟ ಬದಲಾಗಬೇಕು, ಕಣ್ಣಿಗೆ ಕಾಣಂಗೇ ಇಲ್ಲ. ನಮಗ ಝೂಮ್ 18 ದಾಗ ಬಂದದ್ದು ಬೆಳಗಾವಿಗೆ 0.591, ಬಾಗಲಕೋಟೆಗೆ 0.532, ವಿಜಯಪುರಕ್ಕ 0.259. ನೂರು ಕಿಲೋಮೀಟರ್ ಚಿಲ್ರೆ ಉತ್ತರಕ್ಕ ಹೋದ್ರ ಭೂಮಿ ಹಿಂಗ ಕುಗ್ಗಂಗಿಲ್ಲರೀ. ಏನೋ ಅಲೆ ಥರ ಏರಿಳಿತೈತಿ ಅಂದಾಗ ಕೊಸೈನ್ ಒಳಗ ಏನೋ ಗಡಬಡ ಆಗೈತಿ ಅಂತ ಖಾತ್ರಿ ಆತು. ಆಗ ಕೋಡ್ ತಗದ್ವಿ.

```js
const lat = map.getCenter().lat;
const mpp = Math.abs(156543.03392 * Math.cos(lat) / Math.pow(2, map.getZoom()));
```

ಎರಡು ತಪ್ಪು ಕೈ ಕೈ ಹಿಡಕೊಂಡು ನಿಂತಾವ. `Math.cos` ಗೆ ರೇಡಿಯನ್ ಬೇಕು, ಇಲ್ಲಿ ಡಿಗ್ರಿ ಕೊಟ್ಟಾನ. 16.83 ನ್ನ ರೇಡಿಯನ್ ಅಂತ ತಿಳಕೊಂಡು ಅದು ವರ್ತುಲದ ಸುತ್ತ ಎರಡು ಸುತ್ತು ಹೊಡದು ಮೂರನೇ ಸುತ್ತಿನ ಅರ್ಧ ದಾಟಿ ನಿಂತು, 0.434 ಅಂತ ಉತ್ತರ ಕೊಡ್ತೈತಿ, ಅದೂ ಮೈನಸ್. ಮೈನಸ್ ಮೀಟರ್ ಬಂದಾಗ ದೋಸ್ತಂಗ ಅಲ್ಲೇ ಸಂಶಯ ಬರಬೇಕಿತ್ತು. ಅವ ಏನ್ ಮಾಡಿದ, "ದಿಕ್ಕು ಉಲ್ಟಾ ಆಗಿರಬೇಕು" ಅಂತ `Math.abs` ಹಾಕಿ ಮೈನಸ್ ಅಳಿಸಿಬಿಟ್ಟ. ಉದ್ದಕ್ಕ ಮೈನಸ್ ಅನ್ನೋದು ಕೋಡ್ ಕೊಟ್ಟ ಒಂದ ಒಂದು ಸುಳಿವು, ಅದನ್ನ ತೇಪಿ ಹಾಕಿ ಮುಚ್ಚಿದಂಗ ಆತು.

ಈಗ ಬೆಳಗಾವಿ ಯಾಕ ಸರಿ ಬಂತು ಅನ್ನೋದು ನೋಡ್ರಿ, ಇದು ನಂಗ ಭಾಳ ಮಜಾ ಅನಿಸ್ತು. 15.85 ರೇಡಿಯನ್ ಅಂದ್ರ ಎರಡೂವರಿ ಸುತ್ತಿಗೆ ಹತ್ತಿರ ಹತ್ತಿರ (ಎರಡೂವರಿ ಸುತ್ತು ಅಂದ್ರ 15.71), ಅಲ್ಲಿ ಕೊಸೈನ್ ಮೈನಸ್ 1 ರ ಹತ್ರ ಇರ್ತೈತಿ, 15.85 ಕ್ಕ ಮೈನಸ್ 0.990. ಮೈನಸ್ ತಗದ್ರ 0.990, ಖರೇ ಬೇಕಾದ್ದು 0.962. ಬರೀ ಮೂರು ಪರ್ಸೆಂಟ್ ಫರಕು! 60 ಮೀಟರ್ ಗ್ವಾಡಿ 61.8 ಬಂದದ್ದು ಇದಕ್ಕ. ಅವ ಹುಬ್ಬಳ್ಳಿಯಾಗೋ ಬೆಳಗಾವಿಯಾಗೋ ಇದ್ದುಕೊಂಡು ಜೀವನಪೂರ್ತಿ ಟೆಸ್ಟ್ ಮಾಡಿದ್ರೂ ಈ ತಪ್ಪು ದೊಡ್ಡದಾಗಿ ಕಾಣ್ತಿರಲಿಲ್ಲ. ಬಾಗಲಕೋಟೆಯಾಗ ಟೆಸ್ಟ್ ಮಾಡಿದ್ರ ಏಳು ಪರ್ಸೆಂಟ್ ಕಮ್ಮಿ ಬಂದು ಸಂಶಯ ಬರ್ತಿತ್ತು. ಇನ್ನ ವಿಜಯಪುರ ದಾಟಿ ಇಂಡಿ ಕಡೆ ಮ್ಯಾಲ ಹೋದ್ರ 17.28 ರ ಹತ್ರ ಇದು ಪೂರಾ ಸೊನ್ನೆ ಆಗ್ತೈತಿ, ಅಲ್ಲೆ ಎಕರೆಗಟ್ಟಲೆ ಹೊಲದ ಉದ್ದ ಒಂದು ಮೊಳನೂ ಬರಂಗಿಲ್ಲ.

ಸರಿ ಮಾಡಿದ್ದು ಇಷ್ಟ:

```js
const rad = lat * Math.PI / 180;
const mpp = 156543.03392 * Math.cos(rad) / Math.pow(2, map.getZoom());
```

ಒಡ್ಡಿನ ಉದ್ದ ಸ್ಕ್ರೀನ್ ಮ್ಯಾಲ 210 ಪಿಕ್ಸೆಲ್. 210 ಗುಣಿಸು 0.5716, 120.0 ಮೀಟರ್. ಅಗಲ 177 ಪಿಕ್ಸೆಲ್, 101.2 ಮೀಟರ್, 3 ರಿಂದ ಭಾಗಿಸಿದ್ರ 33 ಸಾಲು ಚಿಲ್ರೆ. ಕಾಕಾನ 33 ಸಾಲು ವಾಪಸ್ ಬಂದ್ವು.

ಉದ್ದಕ್ಕಿಂತ ಕ್ಷೇತ್ರಫಳದಾಗ ಈ ತಪ್ಪು ಇನ್ನೂ ಜೋರು ಆಗ್ತೈತಿ ಅನ್ನೋದು ಗಮನದಾಗ ಇರಲಿ, ಯಾಕಂದ್ರ ಅದ ಗುಣಾಕಾರ ಎರಡು ಸಲ ಆಗ್ತೈತಿ. 0.453 ರ ತಪ್ಪಿನಿಂದ ಮೂರು ಎಕರೆ ತ್ವಾಟ 25 ಗುಂಟೆ ಆಗಿತ್ತು. ಕೊಸೈನ್ ಪೂರಾ ಮರತುಬಿಟ್ರ, ಉದ್ದದಾಗ ಬರೀ ನಾಕೂವರಿ ಪರ್ಸೆಂಟ್ ಹೆಚ್ಚು ಅನಿಸ್ತೈತಿ, ಆದ್ರ ಅದ ತ್ವಾಟ 3 ಎಕರೆ 11 ಗುಂಟೆ ಆಗ್ತೈತಿ. 11 ಗುಂಟೆ ಸಲುವಾಗಿ ನಮ್ಮ ಕಡೆ ಅಣ್ಣ ತಮ್ಮ ಮಾತು ಬಿಟ್ಟಾರ, ಅದಕ್ಕ ಇದನ್ನ ಸಣ್ಣದು ಅನ್ನಬ್ಯಾಡ್ರಿ.

ನಂಬಿಕಿ ಇಲ್ಲಂದ್ರ ಲೈಬ್ರರಿನ ಕೇಳ್ರಿ

ಟೇಪ್ ಹಿಡಿಯಾಕ ಹೊಲಕ್ಕ ಹೋಗೋದು ಆಗಂಗಿಲ್ಲ ಅಂದ್ರ ಇನ್ನೊಂದು ದಾರಿ ಐತಿ. ಲೀಫ್ಲೆಟ್‌ಗೆ ತನ್ನದ ದೂರ ಲೆಕ್ಕ ಹಾಕೋ ಫಂಕ್ಷನ್ ಐತಿ, ಅದು ಪಿಕ್ಸೆಲ್ ಹಾದಿ ಹಿಡಿಯಂಗಿಲ್ಲ, ಅಕ್ಷಾಂಶ ರೇಖಾಂಶದಿಂದ ಗೋಳದ ಮ್ಯಾಲಿನ ದೂರ ಕಂಡುಹಿಡೀತೈತಿ. ಹಂಗಾಗಿ ನಿಮ್ಮ ಸೂತ್ರದ ತಪ್ಪು ಅದಕ್ಕ ಹತ್ತಂಗಿಲ್ಲ. ಸ್ಕ್ರೀನ್ ನಡುಮಧ್ಯದ ಸಾಲಿನ್ಯಾಗ 100 ಪಿಕ್ಸೆಲ್ ದೂರದ ಎರಡು ಬಿಂದು ತಗೊಂಡು ಕೇಳ್ರಿ:

```js
const y = map.getSize().y / 2;
const a = map.containerPointToLatLng([0, y]);
const b = map.containerPointToLatLng([100, y]);
console.log(map.distance(a, b) / 100);
```

ವಿಜಯಪುರ, ಝೂಮ್ 18 ಕ್ಕ ಇದು 0.571 ಅಂತ ಹೇಳ್ತೈತಿ. ಸೂತ್ರದ 0.5716 ಕ್ಕ ಇದು ಒಂದು ಕೂದಲಷ್ಟು ಕಮ್ಮಿ, ಅದೂ ತಪ್ಪಲ್ಲ: ಮ್ಯಾಪ್ ಚಿತ್ರ 6378137 ಮೀಟರ್ ತ್ರಿಜ್ಯದ ಮ್ಯಾಲ ನಿಂತೈತಿ, ದೂರದ ಫಂಕ್ಷನ್ 6371000 ಮೀಟರ್ ಹಿಡೀತೈತಿ, ಅದಕ್ಕ ಸಾವಿರಕ್ಕ ಒಂದರಷ್ಟು ಫರಕು ಯಾವಾಗ್ಲೂ ಇರ್ತೈತಿ. ಈ ಫರಕು ನೋಡಿ ಯಾರೋ ಒಬ್ರು ದಿನಗಟ್ಟಲೆ ತಲಿ ಕೆಡಿಸಿಕೊಂಡದ್ದು ನಾ ನೋಡೀನಿ (ಆ ಒಬ್ರು ನಾನ). ಸಾವಿರಕ್ಕ ಒಂದು ಬಂದ್ರ ಬಿಟ್ಟುಬಿಡ್ರಿ. ನೂರಕ್ಕ ಮೂರು ಬಂದ್ರ ಹುಡುಕ್ರಿ.

ಅಕ್ಷಾಂಶ ಎಲ್ಲಿಂದ ತಗೋತೀರಿ ಅನ್ನೋದೂ ಒಂದು. ಒಂದು ಹೊಲ ಅಳೆಯುವಾಗ ಸ್ಕ್ರೀನ್ ನಡುವಿನ ಅಕ್ಷಾಂಶ ಸಾಕು. ಇಡೀ ರಾಜ್ಯ ಕಾಣುವಂಗ ಝೂಮ್ ಇಳಿಸಿದಾಗ ಮ್ಯಾಪ್‌ನ ಮೂಲ್ಯಾಗಿನ ಅಳತಿ ಪಟ್ಟಿ ನಡುವಿನ ಸಾಲಿಗಷ್ಟ ಸರಿ, ಮ್ಯಾಲ ಬೀದರ ಕಡೆ, ಕೆಳಗ ಚಾಮರಾಜನಗರ ಕಡೆ ಒಂದೊಂದೂವರಿ ಪರ್ಸೆಂಟ್ ಆಕಡೆ ಈಕಡೆ ಇರ್ತೈತಿ.

ಇಲ್ಲಿ ಮುಗೀಲಿಲ್ಲ, ಕಾಕಾನ ಮಗ ಬಂದ

ಇದೆಲ್ಲಾ ಸರಿ ಆದ ಮ್ಯಾಲ ಕಾಕಾನ ಮಗ, ಅವಂಗೂ ಕೋಡ್ ಬರತೈತಿ, ಅದ ಸೂತ್ರನ ತನ್ನ ಮೊಬೈಲ್ ಪೇಜಿಗೆ ಹಾಕ್ಕೊಂಡ. ಅವನದು ಮ್ಯಾಪ್‌ಲಿಬ್ರೆ ಅನ್ನೋ ಇನ್ನೊಂದು ಲೈಬ್ರರಿ ಮ್ಯಾಲ ಮಾಡಿದ್ದು. ಅವಂಗ ಬಂದದ್ದು 240 ಮೀಟರ್. ಭಾಗಿಸಿದ್ರ 2.00. ಈ ಸಲ ಹುಡುಕೋದೇ ಬೇಕಾಗಲಿಲ್ಲ, ನಾ ಮೊದ್ಲ ಸಂಶಯ ಪಟ್ಟ ಟೈಲ್ ಸೈಜ್ ಇಲ್ಲಿ ಕುಂತಿತ್ತು.

ಮ್ಯಾಪ್‌ಲಿಬ್ರೆಯಂಥಾ ವೆಕ್ಟರ್ ಮ್ಯಾಪ್‌ಗಳು ಝೂಮ್ 0 ದಾಗ ಭೂಮಿನ 512 ಪಿಕ್ಸೆಲ್ ಅಗಲಕ್ಕ ಹಾಸ್ತಾವ, 256 ಕ್ಕ ಅಲ್ಲ. ಹಂಗಾಗಿ ಅದರ ಝೂಮ್ 17 ಅಂದ್ರ ಲೀಫ್ಲೆಟ್‌ನ ಝೂಮ್ 18. ಒಂದ ಒಡ್ಡು ಎರಡರಾಗೂ 210 ಪಿಕ್ಸೆಲ್ ಕಾಣತೈತಿ, ಆದ್ರ ಒಂದು 18 ಅಂತೈತಿ, ಇನ್ನೊಂದು 17 ಅಂತೈತಿ. ಇಬ್ಬರೂ ಸುಳ್ಳು ಹೇಳಂಗಿಲ್ಲ, ಇಬ್ಬರ ಸೇರು ಬ್ಯಾರೆ ಬ್ಯಾರೆ. ಅಲ್ಲೆ 156543.03 ರ ಬದಲಿ ಅದರ ಅರ್ಧ 78271.52 ಹಾಕಿದ್ರ ಆತು.

ಅದರಾಗ ಇನ್ನೊಂದು ಕೊಕ್ಕಿ ಐತಿ. ಲೀಫ್ಲೆಟ್ ಹಂಗ ಬಿಟ್ರ ಝೂಮ್ ಪೂರ್ಣ ಸಂಖ್ಯೆದಾಗ ಹೋಗ್ತೈತಿ, 17, 18, 19. ವೆಕ್ಟರ್ ಮ್ಯಾಪ್‌ನ್ಯಾಗ ಎರಡು ಬೆರಳಿಂದ ಹಿಗ್ಗಿಸಿದ್ರ 16.73 ಅಂತ ಎಲ್ಲೋ ನಡುವ ನಿಲ್ತೈತಿ. ಅದನ್ನ ರೌಂಡ್ ಮಾಡಿ 17 ಅಂತ ಲೆಕ್ಕಕ್ಕ ಕೊಟ್ರ ಅಳತಿ 17 ಪರ್ಸೆಂಟ್ ಕಮ್ಮಿ ಬರತೈತಿ. ಇದರ ಗುರುತು ಏನಂದ್ರ ಅದ ಒಡ್ಡು ಒಂದೊಂದು ಸಲ ಅಳದಾಗ ಒಂದೊಂದು ಉತ್ತರ, ಒಮ್ಮೆ 102, ಒಮ್ಮೆ 131. ಉತ್ತರ ಝೂಮ್ ಜೋಡಿ ಕುಣೀತಿದ್ರ ರೌಂಡ್ ಮಾಡಿದ್ದನ್ನ ಹುಡುಕ್ರಿ, ಎಷ್ಟ ಝೂಮ್ ಮಾಡಿದ್ರೂ ಅದ ಅನುಪಾತ ಗಟ್ಟಿ ನಿಂತಿದ್ರ ಟೈಲ್ ಸೈಜ್ ಇಲ್ಲಾ ಕೊಸೈನ್. ಮತ್ತ ಮ್ಯಾಪ್‌ನ ವಾಲಿಸಿ ನೋಡೋ ಸೌಲತ್ತು ಅದರಾಗ ಐತಲ್ಲ, ವಾಲಿಸಿದ ಮ್ಯಾಲ ಹತ್ತಿರದ ಪಿಕ್ಸೆಲ್ ಸಣ್ಣ ಜಾಗ ದೂರದ ಪಿಕ್ಸೆಲ್ ದೊಡ್ಡ ಜಾಗ ಹಿಡೀತಾವ, ಆಗ ಈ ಸೂತ್ರ ಪೂರಾ ದಂಡ.

ಸ್ಕ್ರೀನ್‌ಶಾಟ್ ಮ್ಯಾಲ ಅಳೀಬ್ಯಾಡ್ರಿ, ಅಳದ್ರೂ ಹಿಂಗ ಅಳೀರಿ

ಮಗ ಅದನ್ನೂ ಸರಿ ಮಾಡಿದ. ಆಮ್ಯಾಗ ಸ್ಕ್ರೀನ್‌ಶಾಟ್ ತಗದು ನಮಗ ಕಳಿಸಿ, "ಇದರಾಗ ಎಣಿಸ್ರಿ, 630 ಪಿಕ್ಸೆಲ್ ಐತಿ, 360 ಮೀಟರ್ ಆಗ್ತೈತಿ" ಅಂದ. 360 ಭಾಗಿಸು 120, ಮೂರು. ಮೊಬೈಲ್ ಸ್ಕ್ರೀನ್‌ನ್ಯಾಗ ಬ್ರೌಸರ್ ಒಂದು ಪಿಕ್ಸೆಲ್ ಅಂತ ಎಣಿಸೋದು ಖರೇ ಪರದೆ ಮ್ಯಾಲ ಮೂರು ಚುಕ್ಕಿ ಅಗಲ ಇರ್ತೈತಿ, ಸೂತ್ರ ನಡಿಯೋದು ಬ್ರೌಸರ್ ಪಿಕ್ಸೆಲ್‌ಗೆ, ಸ್ಕ್ರೀನ್‌ಶಾಟ್ ಸಿಗೋದು ಚುಕ್ಕಿ ಲೆಕ್ಕದಾಗ. ಕನ್ಸೋಲ್‌ನ್ಯಾಗ `window.devicePixelRatio` ಅಂತ ಹಾಕಿ ನೋಡ್ರಿ, ಎಷ್ಟು ಬರತೈತೋ ಅಷ್ಟರಿಂದ ಭಾಗಿಸ್ರಿ. ಎಲ್ಲಾ ಫೋನಿಗೂ 3 ಇರಂಗಿಲ್ಲ, 2 ಇರಬಹುದು, 2.625 ಅಂತನೂ ಇರ್ತೈತಿ, ಲ್ಯಾಪ್‌ಟಾಪ್‌ನ್ಯಾಗ ಕಂಟ್ರೋಲ್ ಪ್ಲಸ್ ಒತ್ತಿ ಪೇಜ್ ದೊಡ್ಡದು ಮಾಡಿದ್ರ ಅಲ್ಲೂ ಬದಲಾಗ್ತೈತಿ.

ಅದ ಚಿತ್ರ ವಾಟ್ಸಾಪ್‌ನ್ಯಾಗ ಫೋಟೋ ಅಂತ ಬಂದಿದ್ರ ಮುಗೀತು, ಅದು ದಾರ್ಯಾಗ ಸಣ್ಣದಾಗಿ ಬಂದಿರ್ತೈತಿ, ಅನುಪಾತ 1.87 ಅಂತ ತಲಿಬುಡ ಇಲ್ಲದ್ದು ಬಂದು ಕುಂದರತೈತಿ, ಯಾವ ತಪ್ಪಿಗೂ ಹೊಂದಂಗಿಲ್ಲ. ಅಂಥಾ ಚಿತ್ರದಾಗ ಅಳೆಯೋದೇ ಆದ್ರ ಮೂಲ್ಯಾಗಿನ ಅಳತಿ ಪಟ್ಟಿ ಸಮೇತ ತಗೋರಿ, ಪಟ್ಟಿನೂ ಒಡ್ಡೂ ಒಂದ ಚಿತ್ರದಾಗ ಇದ್ರ ಚಿತ್ರ ಎಷ್ಟ ಕುಗ್ಗಿದ್ರೂ ಎರಡೂ ಕೂಡೇ ಕುಗ್ಗಿರ್ತಾವ.

ಎಲ್ಲಾ ಸರಿ ಮಾಡಿದ ಮ್ಯಾಲ ಉಳಿಯೋ ತಪ್ಪು

ಒಡ್ಡು ಪೂರ್ವ ಪಶ್ಚಿಮ ಇದ್ದದ್ದು ಅನುಕೂಲ ಆತು ಅಂದೆ. ಯಾಕಂದ್ರ ವೆಬ್ ಮ್ಯಾಪ್ ಭೂಮಿನ ಸರೀ ಗುಂಡಗ ಐತಿ ಅಂತ ತಿಳಕೊಂಡು ಚಿತ್ರ ಬರೀತೈತಿ, ಖರೇ ಭೂಮಿ ಮ್ಯಾಲ ಕೆಳಗ ಸ್ವಲ್ಪ ಚಪ್ಪಟಿ. ನಮ್ಮ ಅಕ್ಷಾಂಶದಾಗ ಪೂರ್ವ ಪಶ್ಚಿಮ ಗೆರಿಗೆ ಇದರಿಂದ ಬರೋ ತಪ್ಪು 100 ಮೀಟರ್‌ಗೆ 3 ಸೆಂಟಿಮೀಟರ್, ಉತ್ತರ ದಕ್ಷಿಣ ಗೆರಿಗೆ ಮಾತ್ರ 100 ಮೀಟರ್‌ಗೆ ಹತ್ತಿರ ಹತ್ತಿರ 60 ಸೆಂಟಿಮೀಟರ್ ಹೆಚ್ಚಿಗಿ ತೋರಿಸ್ತೈತಿ. ಕಾಕಾನ ಅಗಲ 101.2 ಅಂತ ಬಂದದ್ದು ಟೇಪ್‌ನ್ಯಾಗ 100.6 ಇತ್ತು, ಕ್ಲಿಕ್ ತಪ್ಪೂ ಇದರಾಗ ಕೂಡಿರಬಹುದು. ಡ್ರಿಪ್ ಪೈಪಿಗೆ ಇದು ಲೆಕ್ಕಕ್ಕೇ ಇಲ್ಲ, ಕೊಂಡಿ ಹಾಕುವಾಗ ಇದಕ್ಕಿಂತ ಹೆಚ್ಚು ಕತ್ತರಿಸಿ ಒಗೀತಾರ. ಹದ್ದುಬಸ್ತಿಗೆ ಮಾತ್ರ ಇದನ್ನ ಹಿಡಕೊಂಡು ಹೋಗಬ್ಯಾಡ್ರಿ, ಅದಕ್ಕ ಸರ್ವೇದವರ ಬರಬೇಕು, ಸ್ಯಾಟಲೈಟ್ ಚಿತ್ರ ತಾನ ಕೆಲವು ಮೀಟರ್ ಸರಿದು ಕುಂತಿರಬಹುದು.

ಝೂಮ್ ಏರಿಸಿದಷ್ಟೂ ಅಳತಿ ಸೂಕ್ಷ್ಮ ಆಗ್ತೈತಿ ಅನ್ನೋದೂ ಒಂದು ಮಿತಿವರೆಗೆ ಅಷ್ಟ. ಸೆಂಟಿನೆಲ್ 2 ಉಪಗ್ರಹದ ಪುಕ್ಕಟಿ ಚಿತ್ರದಾಗ ಒಂದು ಚುಕ್ಕಿ 10 ಮೀಟರ್, ಅದು ನಮ್ಮ ಕಡೆ ಝೂಮ್ 14 ಕ್ಕ ಹತ್ತಿರ ಆಗ್ತೈತಿ (ಅಲ್ಲೆ ಒಂದು ಪಿಕ್ಸೆಲ್ 9.1 ಮೀಟರ್). ಅದನ್ನ 18 ಕ್ಕ ಏರಿಸಿದ್ರ ಸೂತ್ರ 0.57 ಮೀಟರ್ ಅಂತನ ಹೇಳ್ತೈತಿ, ಲೆಕ್ಕ ಸರಿನೂ ಐತಿ, ಆದ್ರ ಚಿತ್ರದಾಗ ಒಡ್ಡಿನ ಅಂಚು ಎಲ್ಲಿ ಅನ್ನೋದು ಹದಿನೇಳು ಪಿಕ್ಸೆಲ್ ದಪ್ಪದ ಮಸುಕಿನ್ಯಾಗ ಎಲ್ಲೋ ಐತಿ.

ದೋಸ್ತ `Math.abs` ತಗದು ಆ ಜಾಗಕ್ಕ ಒಂದು ಸಾಲು ಹಾಕ್ಯಾನ, ಮೀಟರ್ ಸೊನ್ನೆಗಿಂತ ಕೆಳಗ ಬಂದ್ರ ಪೇಜ್ ಅಲ್ಲೇ ನಿಲ್ಲತೈತಿ:

```js
if (!(mpp > 0)) throw new Error("mpp: " + mpp);
```

ಆಮ್ಯಾಗ ಬೆಳಗಾವಿಯ ಆ ಕಂಪೌಂಡ್ ಗ್ವಾಡಿ ಮತ್ತ ಅಳದ, ಝೂಮ್ 19, 209 ಪಿಕ್ಸೆಲ್. 60.0 ಮೀಟರ್ ಬಂತು. ಟೇಪ್ ಜೋತು ಬಿದ್ದಿರಲಿಲ್ಲ.